ಒಂದೇ ಫೋಟೊ ಇಟ್ಟುಕೊಂಡು ಮನೆಯ ಮುಂಭಾಗವನ್ನು ಅಳತೆಗೆ ಸರಿಯಾಗಿ ಮಾಡೆಲ್ ಮಾಡುವುದು

ಕೋಲಾರದ ಪೇಟೆ ಬೀದಿಯಲ್ಲಿ ಮೂಲೆಯಲ್ಲೊಂದು ಹಳೇ ಮನೆ ಇದೆ ಎಂದುಕೊಳ್ಳಿ. ಮುಂದೆ ಎರಡಡಿ ಎತ್ತರದ ಜಗಲಿ, ಬಾಗಿಲ ಮೇಲೆ ಕಲ್ಲುಚಪ್ಪಡಿಯ ಸಜ್ಜಾ, ಮೇಲೆ ಪ್ಯಾರಪೆಟ್. ಸ್ಕೆಚ್‌ಅಪ್ ಎಂಬ 3ಡಿ ಮಾಡೆಲಿಂಗ್ ತಂತ್ರಾಂಶದ ಡೆಸ್ಕ್‌ಟಾಪ್ ಆವೃತ್ತಿಯಲ್ಲಿರುವ ಮ್ಯಾಚ್ ಫೋಟೊ ಸೌಲಭ್ಯ ಬಳಸಿದರೆ, ಒಂದು ಫೋಟೊ ಮತ್ತು ಟೇಪು ಹಿಡಿದು ತೆಗೆದ ಎರಡು ಅಳತೆಗಳಿಂದ ಇದರ ಮುಂಭಾಗವನ್ನು ಮಾಡೆಲ್ ಮಾಡಬಹುದು.

ಫೋಟೊವನ್ನು ಎದುರಿಗೆ ನೇರ ನಿಂತು ತೆಗೆಯಬಾರದು. ಗೋಡೆಯ ಗೆರೆಗಳು ದೂರ ಹೋದಂತೆ ಒಂದು ಬಿಂದುವಿನತ್ತ ಕೂಡುತ್ತವಲ್ಲ, ಆ ಓರೆಯನ್ನು ನೋಡಿಯೇ ತಂತ್ರಾಂಶ ಕ್ಯಾಮೆರಾ ಎಲ್ಲಿತ್ತೆಂದು ಲೆಕ್ಕ ಹಾಕುತ್ತದೆ. ಮುಂಗೋಡೆ, ಪಕ್ಕದ ಗೋಡೆ ಎರಡೂ ಕಾಣುವಂತೆ ಮೂಲೆಯಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ನಿಲ್ಲಿ. ಬೀದಿ ಇಕ್ಕಟ್ಟೆಂದು ಮೊಬೈಲಿನ 0.5x ಲೆನ್ಸ್‌ಗೆ ಹೋಗಬೇಡಿ. ಅದರಲ್ಲಿ ಅಂಚಿನ ನೇರ ಗೆರೆಗಳು ಬಾಗುತ್ತವೆ. ಫೋಟೊವನ್ನು ಕತ್ತರಿಸುವುದೂ ಬೇಡ, ಓರೆ ತಿದ್ದುವುದೂ ಬೇಡ. ಚಿತ್ರದ ನಡುಮಧ್ಯವೇ ಲೆನ್ಸಿನ ನಡುಮಧ್ಯ ಎಂದು ತಂತ್ರಾಂಶ ನಂಬಿರುತ್ತದೆ. ಒಂದು ಬದಿ ಕತ್ತರಿಸಿದರೆ ಆ ಲೆಕ್ಕವೇ ತಪ್ಪುತ್ತದೆ.

ಈಗ `Camera > Match New Photo` ಒತ್ತಿ ಚಿತ್ರ ತೆರೆಯಿರಿ. ಎರಡು ಕೆಂಪು, ಎರಡು ಹಸಿರು ಚುಕ್ಕೆಗೆರೆಗಳು ಕಾಣುತ್ತವೆ. ಹಳದಿ ಚೌಕವನ್ನು ಎಳೆದು, ಮನೆಯ ಮೂಲೆಯಲ್ಲಿ ಜಗಲಿಯ ಮೇಲ್ಮೈ ಗೋಡೆಗೆ ಸೇರುವ ಬಿಂದುವಿನಲ್ಲಿ ಕೂರಿಸಿ. ಕೆಂಪು ಗೆರೆಗಳಲ್ಲಿ ಒಂದು ಪ್ಯಾರಪೆಟ್ಟಿನ ಮೇಲಂಚಿಗೆ, ಇನ್ನೊಂದು ಜಗಲಿಯ ಹೊರ ಅಂಚಿಗೆ. ಈ ಎರಡು ಅಂಚುಗಳು ಒಂದೇ ಗೋಡೆಯ ಮೇಲಿರಬೇಕಿಲ್ಲ, ಸಮಾನಾಂತರವಾಗಿದ್ದರೆ ಸಾಕು. ಮೇಲೆ ಕೆಳಗೆ ದೂರ ಇದ್ದಷ್ಟೂ ಒಳ್ಳೆಯದು. ರಸ್ತೆಯ ಅಂಚನ್ನು ಮಾತ್ರ ಹಿಡಿಯಬೇಡಿ, ಅದು ಇಳಿಜಾರಾಗಿರುತ್ತದೆ.

ಕೆಲಸ ಕೆಡುವುದು ಸಾಮಾನ್ಯವಾಗಿ ಪಕ್ಕದ ಗೋಡೆಯ ದಿಕ್ಕಿಗೆ ಕೂರಿಸುವ ಹಸಿರು ಗೆರೆಗಳಲ್ಲಿ. ಸಾಲುಮನೆಯಾಗಿ ಪಕ್ಕದ ಗೋಡೆ ಕಾಣದಿದ್ದರೆ, ಎರಡಡಿ ಸಜ್ಜಾದ ಪಕ್ಕದಂಚಿನ ಮೇಲೆ ಗೆರೆ ಕೂರಿಸಲು ಮನಸ್ಸಾಗುತ್ತದೆ. ಅಷ್ಟು ಗಿಡ್ಡ ಗೆರೆಯ ತುದಿ ಕೂದಲೆಳೆಯಷ್ಟು ಸರಿದರೂ ಅದರ ಕೋನ ಬಹಳ ಬದಲಾಗಿ, ಇಡೀ ಮುಂಭಾಗ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಮೂಲೆಮನೆಯಲ್ಲಿ ಪಕ್ಕದ ಗೋಡೆಯ ಪ್ಯಾರಪೆಟ್ ಅಂಚು ಮತ್ತು ಪಾಯದ ಪಟ್ಟಿ ಉದ್ದಕ್ಕೆ ಸಿಗುತ್ತವೆ. ಮೌಸ್ ಚಕ್ರದಿಂದ ಹತ್ತಿರ ತಂದುಕೊಂಡು ತುದಿಗಳನ್ನು ಕೂರಿಸಿ. ನೀಲಿ ಅಕ್ಷವನ್ನು ನಾವು ಕೂರಿಸುವುದಿಲ್ಲ, ಅದು ಉಳಿದೆರಡರ ಫಲ. ಅದು ಗೋಡೆಯ ಮೂಲೆಯ ಲಂಬ ಗೆರೆಗೆ ಅಂಟಿಕೊಂಡು ಹೋದರೆ ಹೊಂದಾಣಿಕೆ ಸರಿ ಹೋದ ಗುರುತು. ವಾಲಿದರೆ ಯಾವುದೋ ಗೆರೆ ತಪ್ಪಿದೆ.

ಅಳತೆಗೆ ಬಾಗಿಲ ಎತ್ತರ ಸಾಕು. ಜಗಲಿಯಿಂದ ಬಾಗಿಲುವಾಡದ ಮೇಲ್ತುದಿಗೆ ಆರೂವರೆ ಅಡಿ ಬಂತೆನ್ನಿ. ಗ್ರಿಡ್‌ನ `Spacing` ಜಾಗದಲ್ಲಿ `6'6"` ಎಂದು ಕೊಟ್ಟು, ನೀಲಿ ಅಕ್ಷವನ್ನು ಹಿಡಿದೆಳೆದು ಗ್ರಿಡ್ಡಿನ ಮೊದಲ ಅಡ್ಡಗೆರೆ ಬಾಗಿಲುವಾಡದ ಮೇಲ್ತುದಿಗೆ ಬರುವಂತೆ ಮಾಡಿ `Done` ಒತ್ತಿ. ಈಗ ಹಳದಿ ಚೌಕವಿದ್ದ ಮೂಲೆಬಿಂದುವಿನಿಂದ ಮುಂಗೋಡೆಯ ಆಯತ ಬರೆದು, ಅಗಲವನ್ನು ತಂತ್ರಾಂಶದೊಳಗಿನ ಟೇಪ್ ಮೆಷರ್ ಸಾಧನದಿಂದ ನೋಡಿ. ನಿಜವಾದ ಗೋಡೆ 21 ಅಡಿ, ಇಲ್ಲಿ 21 ಅಡಿ 2 ಇಂಚು ಬಂದರೆ ಮುಂದುವರಿಯಿರಿ. 23 ಅಡಿ ಬಂದರೆ ಇಡೀ ಮಾಡೆಲನ್ನು ಕುಗ್ಗಿಸಿ ಪ್ರಯೋಜನವಿಲ್ಲ, ಆಗ ಎತ್ತರ ಕೆಡುತ್ತದೆ. `Camera > Edit Matched Photo` ಹೊಕ್ಕು ಹಸಿರು ಗೆರೆಗಳನ್ನೇ ಮತ್ತೆ ಕೂರಿಸಬೇಕು. ಎತ್ತರದಿಂದ ಅಳತೆ ಕೊಟ್ಟು ಅಗಲದಿಂದ ಪರೀಕ್ಷಿಸುವುದು ಇದಕ್ಕೇ.

ಬಾಗಿಲು, ಕಿಟಕಿಗಳನ್ನು ಫೋಟೊ ಮೇಲೆ ಗೆರೆ ಎಳೆದಂತೆ ಮುಂಗೋಡೆಯ ಮುಖದ ಮೇಲೆಯೇ ಬರೆಯಬಹುದು. ಜಗಲಿ, ಸಜ್ಜಾದಂತೆ ಗೋಡೆಯಿಂದ ಮುಂದೆ ಬರುವ ಭಾಗಗಳಲ್ಲಿ ಎಚ್ಚರ ಬೇಕು. ಜಗಲಿಗೆ ಗೋಡೆಯ ಕೆಳಮೂಲೆಯಿಂದ ಹೊರಟು, ಹಸಿರು ಅಕ್ಷದ ದಿಕ್ಕಿನಲ್ಲೇ ಫೋಟೊದಲ್ಲಿ ಕಾಣುವ ಹೊರ ಅಂಚಿನವರೆಗೆ ಗೆರೆ ಎಳೆಯಿರಿ. ಹೊರ ಅಂಚಿನಿಂದಲೇ ಶುರು ಮಾಡಿದರೆ, ಆ ಬಿಂದು ಎಷ್ಟು ಮುಂದಿದೆ ಎಂದು ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ಫೋಟೊ ಮೇಲೆ ಗೆರೆ ಕರಾರುವಾಕ್ಕಾಗಿ ಕೂತಂತೆ ಕಂಡರೂ ನಿಜಕ್ಕೆ ಅದು ಹತ್ತಡಿ ಆಚೆ ಗಾಳಿಯಲ್ಲಿರಬಹುದು. ಆದ್ದರಿಂದ ಪ್ರತಿ ಭಾಗ ಮುಗಿದ ಮೇಲೂ ಆರ್ಬಿಟ್ ಸಾಧನದಿಂದ ನೋಟವನ್ನು ತಿರುಗಿಸಿ, ಪಕ್ಕದಿಂದ ನೋಡಿ. ಆಗ ಫೋಟೊ ಮಾಯವಾದರೆ ಗಾಬರಿ ಬೇಡ. ಮೇಲಿರುವ ಸೀನ್ ಟ್ಯಾಬ್ ಒತ್ತಿದರೆ ಮತ್ತೆ ಬರುತ್ತದೆ.

ಕೊನೆಗೆ `Project Textures from Photo` ಒತ್ತಿದರೆ ಗೋಡೆಗೆ ಫೋಟೊದ ಬಣ್ಣ ಬರುತ್ತದೆ, ಜೊತೆಗೆ ಕರೆಂಟ್ ತಂತಿ, ನಿಲ್ಲಿಸಿದ ಬೈಕು ಕೂಡ ಗೋಡೆಯ ಮೇಲೇ ಅಂಟಿಕೊಳ್ಳುತ್ತವೆ. ಸಜ್ಜಾದ ಮರೆಯಲ್ಲಿರುವ ಗೋಡೆಗೆ ಸಜ್ಜಾದ ಚಿತ್ರವೇ ಬೀಳುತ್ತದೆ. ಅಂಥ ಭಾಗಕ್ಕೆ ಬೇರೆ ಬಣ್ಣ ಕೊಡುವುದೇ ಲೇಸು.