ಹೆಸರು ತೆಗೆದರೆ ಸಾಲದು: ಗ್ರಾಹಕರ ಸಭೆಯ ವರದಿ ಬರೆಯುವುದು ಹೇಗೆ?

ಮನೆಮನೆಗೆ ದೋಸೆ ಹಿಟ್ಟು ತಲುಪಿಸುವ ಸಣ್ಣ ಕಂಪನಿಯೊಂದು ಜಯನಗರದಲ್ಲಿ ಎಂಟು ಗ್ರಾಹಕರನ್ನು ಕೂರಿಸಿ ಮಾತಾಡಿಸಿದೆ ಎಂದುಕೊಳ್ಳಿ. ಯಾರು ಏನು ಹೇಳಿದರು ಎಂಬುದನ್ನು ಬಿಟ್ಟುಕೊಡುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಾಗಿದೆ. ಆದರೆ ವರದಿ ಓದುವವರಲ್ಲಿ ದಿನಾ ಅವರ ಮನೆ ಬಾಗಿಲಿಗೆ ಹೋಗುವ ಡೆಲಿವರಿ ತಂಡವೂ ಇದೆ.

ರೆಕಾರ್ಡಿಂಗ್ ಕೇಳುತ್ತಾ ಒಂದು ಚೀಟಿಗೆ ಒಂದೇ ಮಾತು ಬರೆದುಕೊಳ್ಳಿ. ಮೂಲೆಯಲ್ಲಿ ಹೆಸರಿನ ಬದಲು ಗ1, ಗ2 ಎಂದು ಗುರುತು ಹಾಕಿ. ಜೋರು ಬಾಯಿಯ ಒಬ್ಬರೇ ‘ಹಿಟ್ಟು ಹುಳಿ’ ಎಂದು ಐದು ಸಲ ಹೇಳಿರಬಹುದು. ಗುರುತಿಲ್ಲದಿದ್ದರೆ ಅದು ಐವರ ದೂರಿನಂತೆ ಕಾಣುತ್ತದೆ. ಆದರೆ ಈ ಗುರುತು ವರದಿಗೆ ಬರಲೇಬಾರದು. ಗ3 ಹೇಳಿದ್ದನ್ನೆಲ್ಲ ಜೋಡಿಸಿ ನೋಡಿದರೆ ಆ ವ್ಯಕ್ತಿ ಯಾರೆಂದು ತಿಳಿದುಬಿಡುತ್ತದೆ.

ಆಮೇಲೆ ಒಂದೇ ಅರ್ಥದ ಚೀಟಿಗಳನ್ನು ಗುಂಪು ಮಾಡಿ. ಗುಂಪಿಗೆ ಸುಮ್ನೆ ‘ಡೆಲಿವರಿ’ ಎಂದು ಹೆಸರಿಟ್ಟರೆ ಓದುವವರಿಗೆ ಏನೂ ಸಿಗುವುದಿಲ್ಲ. ‘ತಿಂಡಿ ಹೊತ್ತಿಗೆ ಮೊದಲೇ ಹಿಟ್ಟು ಕೈಸೇರಬೇಕು’ ಎಂದು ಪೂರ್ತಿ ವಾಕ್ಯ ಬರೆಯಿರಿ.

ಕಷ್ಟದ ಕೆಲಸ ಇನ್ನು ಮುಂದಿದೆ. ಒಂದು ಚೀಟಿಯಲ್ಲಿ ಹೀಗಿದೆ: ‘ನಮ್ಮ ಪಿಜಿಗೆ ದಿನಾ ಹತ್ತು ಕೆಜಿ ಬೇಕು. ಎಂಟು ಗಂಟೆಗೆ ತಂದ್ರೆ ಹುಡುಗ್ರು ತಿಂಡಿ ಇಲ್ದೆ ಹೋಗ್ತಾರೆ. ಕೇಳಿದ್ರೆ ಡೆಲಿವರಿಯವನು ರೇಗ್ತಾನೆ.’ ಇಲ್ಲಿ ಹೆಸರಿಲ್ಲ ನಿಜ. ಆದರೆ ಎಂಟು ಜನರಲ್ಲಿ ಪಿಜಿ ನಡೆಸುವವರು ಒಬ್ಬರೇ, ಅಲ್ವಾ? ಪಿಜಿ, ಹತ್ತು ಕೆಜಿ ಎರಡನ್ನೂ ತೆಗೆಯಿರಿ. ‘ತಡವಾದರೆ ಆ ದಿನದ ತಿಂಡಿಯೇ ತಪ್ಪುತ್ತದೆ’ ಎಂಬ ತಿರುಳು ಇನ್ನೂ ಉಳಿಯುತ್ತದೆ. ರೇಗುವ ವಿಷಯವನ್ನು ಬೇರೆ ಗುಂಪಿಗೆ ಸೇರಿಸಿ. ಇಲ್ಲದಿದ್ದರೆ ಎರಡೂ ಒಬ್ಬರದೇ ಎಂದು ಗೊತ್ತಾಗುತ್ತದೆ. ರೇಗುವ ಮಾತನ್ನು ಬೇರೆ ಯಾರೂ ಹೇಳಿಲ್ಲವಾದರೆ ಆ ಗ್ರಾಹಕರ ಒಪ್ಪಿಗೆ ಕೇಳಿ. ಅವರು ಬೇಡವೆಂದರೆ ಬಿಟ್ಟುಬಿಡಿ.

ಮಾತಿನ ಧಾಟಿಯೂ ಆಳನ್ನು ತೋರಿಸಿಕೊಡುತ್ತದೆ. ಬೆಂಗಳೂರಿನ ಸಭೆಯಲ್ಲಿ ‘ಭಾಳ ತ್ರಾಸ ಆಗೈತ್ರಿ’ ಎಂದವರು ಒಬ್ಬರೇ ಇರಬಹುದು. ಉದ್ಧರಣೆ ಚೆನ್ನಾಗಿದೆ ಎಂದು ಹಾಗೇ ಹಾಕುವ ಆಸೆ ನನಗೂ ಆಗುತ್ತದೆ. ಆದರೂ ಅದನ್ನು ಎಲ್ಲರಾಡುವ ಕನ್ನಡಕ್ಕೆ ತಿರುಗಿಸಿಯೇ ಬರೆಯಬೇಕು.

ಎಷ್ಟು ಜನ ಹೇಳಿದರು ಎಂಬುದಕ್ಕೆ ‘ಹೆಚ್ಚಿನವರು’, ‘ಕೆಲವರು’ ಸಾಕು. ಎಂಟು ಜನರ ಮಾತಿನಿಂದ ಶೇಕಡಾವಾರು ಲೆಕ್ಕ ತೆಗೆಯಬೇಡಿ. ಅವರು ಎಲ್ಲ ಗ್ರಾಹಕರ ಪ್ರತಿನಿಧಿಗಳಲ್ಲ.

ಕೊನೆಗೆ ಕರಡನ್ನು ಸಭೆಯಲ್ಲಿ ನಿಮ್ಮ ಜೊತೆ ಕೂತು ಟಿಪ್ಪಣಿ ಬರೆದವರಿಗೆ ಕೊಡಿ. ಪ್ರತಿ ವಾಕ್ಯವನ್ನೂ ತೋರಿಸಿ, ಡೆಲಿವರಿ ತಂಡದವರು ಓದಿದರೆ ಇದು ಯಾರ ಮಾತೆಂದು ಊಹಿಸಬಲ್ಲರೇ ಎಂದು ಕೇಳಿ. ಹೌದು ಎಂದ ಕಡೆ ಮತ್ತೆ ತಿದ್ದಿ. ವರದಿ ಒಪ್ಪಿಗೆಯಾದ ಮೇಲೆ ಚೀಟಿ, ಗುರುತಿನ ಪಟ್ಟಿ, ರೆಕಾರ್ಡಿಂಗ್ ಎಲ್ಲವನ್ನೂ ಗ್ರಾಹಕರಿಗೆ ಹೇಳಿದ ದಿನದೊಳಗೆ ಅಳಿಸಿಹಾಕಿ. ಯಾರದೋ ಫೋನಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಉಳಿದಿರುವ ಪ್ರತಿಗಳನ್ನೂ ಹುಡುಕಿ ತೆಗೆಸಿ.