9 ಲಕ್ಷದ ಆಫರ್: ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ?

ಅಕ್ಕನ ಮಗಳು ಆಫರ್ ಲೆಟರ್‌ನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಒಂದು ಭಾನುವಾರ ಬೆಳಗ್ಗೆ. ಮೈಸೂರಿನ ಕೆಲಸ ಬಿಟ್ಟು ಬೆಂಗಳೂರಿನ ಕಂಪನಿಯೊಂದಕ್ಕೆ ಸೇರುವವಳಿದ್ದಳು. ಸಿಟಿಸಿ ವರ್ಷಕ್ಕೆ 9 ಲಕ್ಷ. ಫೋಟೊ ಹಿಂದೆಯೇ ಫೋನು ಬಂತು: "ಚಿಕ್ಕಮ್ಮ, ತಿಂಗಳಿಗೆ 75 ಸಾವಿರ ಬರುತ್ತೆ. 24 ಸಾವಿರ ಬಾಡಿಗೆಗೆ ಒಂದು ಮನೆ ನೋಡಿದ್ದೀನಿ. ಅಡ್ವಾನ್ಸ್ ಕೊಟ್ಟುಬಿಡ್ಲಾ?"

"ಸ್ವಲ್ಪ ತಡಿ. ಸಂಬಳದ ಪಟ್ಟಿ ಇರೋ ಕೊನೇ ಪುಟ ಕಳಿಸು" ಅಂದೆ.

ಹದಿನೈದು ವರ್ಷದಿಂದ ಕಂಪನಿಗಳ ಪೇರೋಲ್ ವಿಭಾಗದಲ್ಲೇ ಕೆಲಸ ಮಾಡುತ್ತಿದ್ದೇನೆ. ಹೊಸದಾಗಿ ಸೇರಿದವರು ಮೊದಲ ಸಂಬಳ ಬಂದ ದಿನ ಪೇಸ್ಲಿಪ್ ಹಿಡಿದು ನಮ್ಮ ಮೇಜಿನ ಹತ್ತಿರ ಬರುತ್ತಾರೆ. "ಮೇಡಂ, ಇದ್ರಲ್ಲಿ ಏನೋ ತಪ್ಪಾಗಿದೆ" ಎನ್ನುತ್ತಾರೆ. ಬಹುತೇಕ ಸಲ ಪೇಸ್ಲಿಪ್‌ನಲ್ಲಿ ತಪ್ಪು ಇರುವುದಿಲ್ಲ. ಸಿಟಿಸಿಯನ್ನು ನೇರವಾಗಿ 12ರಿಂದ ಭಾಗಿಸಿ ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಂಡಿರುತ್ತಾರೆ, ಅಷ್ಟೇ. ಅಷ್ಟರಲ್ಲಿ ಮನೆ ಬಾಡಿಗೆ, ಬೈಕಿನ ಕಂತು ಎಲ್ಲ ಆ ಸಂಖ್ಯೆಯ ಮೇಲೆ ನಿಂತಿರುತ್ತವೆ. ಅದು ನೋಡಲು ಬೇಸರ.

ಸಿಟಿಸಿ ಎಂದರೆ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಕಂಪನಿಗೆ ವರ್ಷಕ್ಕೆ ತಗಲುವ ಒಟ್ಟು ಖರ್ಚು. ಅದರಲ್ಲಿ ಒಂದಷ್ಟು ನಿಮ್ಮ ಪೇಸ್ಲಿಪ್‌ಗೆ ಬರುವುದೇ ಇಲ್ಲ. ಪೇಸ್ಲಿಪ್‌ಗೆ ಬಂದದ್ದರಲ್ಲೂ ಒಂದಷ್ಟು ಬ್ಯಾಂಕಿಗೆ ಬರುವ ಮೊದಲೇ ಕಡಿತವಾಗುತ್ತದೆ. ಹಾಗಾಗಿ ಕಳೆಯುವ ಲೆಕ್ಕ ಎರಡು ಸಲ ಮಾಡಬೇಕು. 12ರಿಂದ ಭಾಗಿಸುವುದು ಆ ಎರಡರ ನಡುವೆ.

ಮೊದಲು: ಪೇಸ್ಲಿಪ್‌ಗೆ ಬರದ ಹಣ ತೆಗೆಯಿರಿ

ಅವಳು ಕಳಿಸಿದ ಪುಟದಲ್ಲಿ ಹೀಗಿತ್ತು. ಬೇಸಿಕ್ ವರ್ಷಕ್ಕೆ 4,20,000. ಎಚ್‌ಆರ್‌ಎ 1,68,000. ಸ್ಪೆಷಲ್ ಅಲೋಯನ್ಸ್ 1,44,000. ಅದರ ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ ಇನ್ನು ನಾಲ್ಕು ಸಾಲು: ಕಂಪನಿ ಕಟ್ಟುವ ಪಿಎಫ್ 50,400, ಗ್ರಾಚ್ಯುಟಿ 20,202, ಗುಂಪು ಆರೋಗ್ಯ ವಿಮೆ 7,398, ವೇರಿಯಬಲ್ ಪೇ 90,000. ಎಲ್ಲ ಕೂಡಿದರೆ ಸರಿಯಾಗಿ 9 ಲಕ್ಷ.

ಈ ಕೆಳಗಿನ ನಾಲ್ಕು ಸಾಲುಗಳನ್ನೇ ಮೊದಲು ತೆಗೆಯಬೇಕು.

ಪಿಎಫ್‌ಗೆ ಬೇಸಿಕ್‌ನ 12% ನಿಮ್ಮ ಸಂಬಳದಿಂದ ಹೋಗುತ್ತದೆ, ಅಷ್ಟೇ ಮೊತ್ತವನ್ನು ಕಂಪನಿಯೂ ಹಾಕುತ್ತದೆ. ಕಂಪನಿ ಹಾಕುವ ಪಾಲನ್ನೂ ಸಿಟಿಸಿಯೊಳಗೇ ಸೇರಿಸಿ ಹೇಳುವುದು ರೂಢಿ. ಕೆಲವು ಕಡೆ ಆಡಳಿತ ಶುಲ್ಕ ಮತ್ತು ಪಿಎಫ್ ಜೊತೆಗಿನ ವಿಮೆಯನ್ನೂ ಸೇರಿಸಿ 13% ಎಂದು ಹಾಕಿರುತ್ತಾರೆ. ನಮ್ಮ ಹುಡುಗಿಯ ಬೇಸಿಕ್ ತಿಂಗಳಿಗೆ 35,000. ಅದರ 12% ಎಂದರೆ 4,200. ವರ್ಷಕ್ಕೆ 50,400. ಪಟ್ಟಿಯಲ್ಲಿರುವುದು ಅದೇ.

ಗ್ರಾಚ್ಯುಟಿ ಸಾಲಿನಲ್ಲಿ ಸಾಮಾನ್ಯವಾಗಿ ಬೇಸಿಕ್‌ನ 4.81% ಇರುತ್ತದೆ. ಈ ವಿಚಿತ್ರ ಸಂಖ್ಯೆ ಬಂದದ್ದು ಕಾನೂನಿನ ಸೂತ್ರದಿಂದ. ಒಂದು ವರ್ಷದ ಸೇವೆಗೆ 15 ದಿನದ ಸಂಬಳ, ತಿಂಗಳಿಗೆ 26 ಕೆಲಸದ ದಿನ ಎಂಬ ಲೆಕ್ಕ. 15ನ್ನು 26ರಿಂದ ಭಾಗಿಸಿ, ಮತ್ತೆ 12ರಿಂದ ಭಾಗಿಸಿದರೆ 4.81% ಸಿಗುತ್ತದೆ. ಈ ಹಣ ಪ್ರತಿ ತಿಂಗಳು ನಿಮ್ಮ ಖಾತೆಗೆ ಬರುವುದಿಲ್ಲ. ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ಸೇವೆ ಮುಗಿದ ಮೇಲೆ, ಕೆಲಸ ಬಿಡುವಾಗ ಸಿಗುತ್ತದೆ. ಎರಡು ವರ್ಷಕ್ಕೆ ಕೆಲಸ ಬದಲಿಸುವ ಯೋಚನೆ ಇದ್ದರೆ ಈ ಸಾಲನ್ನು ಮರೆತುಬಿಡುವುದೇ ಸರಿ.

ವಿಮೆಯ ಕಂತು ಕಂಪನಿಯಿಂದ ನೇರವಾಗಿ ವಿಮಾ ಕಂಪನಿಗೆ ಹೋಗುತ್ತದೆ.

ಇನ್ನು ವೇರಿಯಬಲ್. ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. ಇದು ನಿಮ್ಮ ಕೆಲಸ ಮತ್ತು ಕಂಪನಿಯ ಲಾಭ ನೋಡಿ ಕೊಡುವ ಹಣ. ಮೂರು ತಿಂಗಳಿಗೊಮ್ಮೆ ಕೊಡಬಹುದು, ವರ್ಷಕ್ಕೊಮ್ಮೆ ಕೊಡಬಹುದು. ಪೂರ್ತಿ ಕೊಡಬಹುದು, 60% ಮಾತ್ರ ಕೊಡಬಹುದು. ಕೊಡುವ ದಿನ ನೀವು ಕೆಲಸದಲ್ಲಿ ಇರಲೇಬೇಕು ಎಂಬ ಷರತ್ತೂ ಇರುತ್ತದೆ. ಹಾಗಾಗಿ ತಿಂಗಳ ಖರ್ಚಿನ ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದೇ ಇಟ್ಟುಕೊಳ್ಳಿ. ಜಾಯಿನಿಂಗ್ ಬೋನಸ್ ಇದ್ದರೆ ಅದನ್ನೂ ಹಾಗೆಯೇ ಪಕ್ಕಕ್ಕಿಡಿ. ಅದು ಒಂದೇ ಸಲ ಬರುವ ಹಣ. ಹೇಳಿದ ಅವಧಿಗೆ ಮೊದಲು ಕೆಲಸ ಬಿಟ್ಟರೆ ಅನೇಕ ಕಂಪನಿಗಳು ವಾಪಸ್ ಕೇಳುತ್ತವೆ.

ನಾಲ್ಕೂ ಸಾಲು ಕೂಡಿದರೆ 1,68,000. ಅದನ್ನು 9 ಲಕ್ಷದಿಂದ ಕಳೆದರೆ 7,32,000 ಉಳಿಯಿತು. ಈಗ 12ರಿಂದ ಭಾಗಿಸಿ. 61,000. ಇದು ಅವಳ ತಿಂಗಳ ಗ್ರಾಸ್, ಪೇಸ್ಲಿಪ್‌ನ ಎಡಭಾಗದಲ್ಲಿ ಕಾಣುವ ಮೊತ್ತ.

ಆಮೇಲೆ: ನಿಮ್ಮ ಸಂಬಳದಿಂದ ಹೋಗುವ ಹಣ

ಗ್ರಾಸ್‌ನಿಂದ ಕಡಿತವಾಗುವ ದೊಡ್ಡ ಬಾಬತ್ತು ನಿಮ್ಮ ಪಾಲಿನ ಪಿಎಫ್. ಇವಳಿಗೆ ತಿಂಗಳಿಗೆ 4,200.

"ಪಿಎಫ್ ಆಗಲೇ ಕಳೆದ್ವಲ್ಲ ಚಿಕ್ಕಮ್ಮ, ಮತ್ತೆ ಯಾಕೆ?" ಎಂದು ಕೇಳಿದಳು. ಎಲ್ಲರೂ ಕೇಳುವ ಪ್ರಶ್ನೆಯೇ ಇದು. ಆಗ ಕಳೆದದ್ದು ಕಂಪನಿಯ ಪಾಲು, ಈಗ ಕಳೆಯುತ್ತಿರುವುದು ಅವಳ ಪಾಲು. ಎರಡೂ ಅವಳದೇ 9 ಲಕ್ಷದ ಒಳಗಿನಿಂದ ಹೋಗುತ್ತಿವೆ. ಆ ಹಣ ಕಳೆದುಹೋಗುವುದಿಲ್ಲ, ಅದರ ಹೆಚ್ಚಿನ ಭಾಗ ಅವಳ ಹೆಸರಲ್ಲೇ ಬಡ್ಡಿ ಸಮೇತ ಬೆಳೆಯುತ್ತದೆ. ಆದರೆ ಬಾಡಿಗೆ ಕಟ್ಟಲು ಸಿಗುವುದಿಲ್ಲ, ಅಲ್ವಾ?

ಎರಡನೆಯದು ವೃತ್ತಿ ತೆರಿಗೆ, ಪೇಸ್ಲಿಪ್‌ನಲ್ಲಿ ಪಿಟಿ ಎಂದಿರುತ್ತದೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ 300. ವರ್ಷಕ್ಕೆ ಒಟ್ಟು 2,500. ಕಾರ್ಮಿಕ ಕಲ್ಯಾಣ ನಿಧಿಗೆ ವರ್ಷಕ್ಕೊಮ್ಮೆ ಒಂದು ಸಣ್ಣ ಮೊತ್ತ ಹೋಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಂಬಳ 21,000ದ ಒಳಗಿದ್ದವರಿಗೆ ಇಎಸ್ಐ ಎಂಬ ಸರ್ಕಾರಿ ವಿಮೆ ಅನ್ವಯಿಸುತ್ತದೆ. ಅಂಥವರು ಗ್ರಾಸ್‌ನ 0.75% ಕಳೆಯಬೇಕು.

ಮೂರನೆಯದು ಆದಾಯ ತೆರಿಗೆ. 2025-26ರ ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕೋಣ. ವರ್ಷದ ಗ್ರಾಸ್ 7,32,000. ಇಲ್ಲಿ ಮಾತ್ರ ವೇರಿಯಬಲ್ ಪೂರ್ತಿ ಬಂತು ಎಂದೇ ಎಣಿಸಿ, ಯಾಕೆಂದರೆ ಬಂದರೆ ಅದಕ್ಕೂ ತೆರಿಗೆ ಇದೆ. ಒಟ್ಟು 8,22,000. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 7,47,000. ತೆರಿಗೆಗೆ ಒಳಪಡುವ ಆದಾಯ 12 ಲಕ್ಷದ ಒಳಗಿದ್ದರೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಇವಳಿಗೆ ಟಿಡಿಎಸ್, ಅಂದರೆ ಸಂಬಳದಲ್ಲೇ ಹಿಡಿಯುವ ತೆರಿಗೆ, ಇಲ್ಲ.

ಸಂಬಳ ಜಾಸ್ತಿ ಇರುವವರಿಗೆ ಹೇಗೆ? ಗ್ರಾಸ್ ವರ್ಷಕ್ಕೆ 16 ಲಕ್ಷ ಎಂದುಕೊಳ್ಳಿ. 75,000 ಕಳೆದರೆ 15,25,000. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ 4 ಲಕ್ಷಕ್ಕೆ 5%, ಅಂದರೆ 20,000. ಅದರ ಮುಂದಿನ 4 ಲಕ್ಷಕ್ಕೆ 10%, 40,000. ಉಳಿದ 3,25,000ಕ್ಕೆ 15%, 48,750. ಒಟ್ಟು 1,08,750. ಅದರ ಮೇಲೆ 4% ಸೆಸ್ ಸೇರಿ 1,13,100. ತಿಂಗಳಿಗೆ 9,425 ರೂಪಾಯಿ ಹೋಗುತ್ತದೆ.

ನಮ್ಮ ಹುಡುಗಿಗೆ 61,000ದಲ್ಲಿ 4,200 ಮತ್ತು 200 ಕಳೆದರೆ ಕೈಗೆ 56,600. ಅವಳು ಎಣಿಸಿದ್ದು 75,000. ನಡುವಿನ 18,400ರಲ್ಲಿ ಯಾವುದು ಎಲ್ಲಿಗೆ ಹೋಯಿತು ಎಂದು ಬರೆದು ತೋರಿಸಿದೆ. ಎರಡೂ ಪಾಲಿನ ಪಿಎಫ್ ಸೇರಿ 8,400. ವೇರಿಯಬಲ್ 7,500. ಗ್ರಾಚ್ಯುಟಿ ಮತ್ತು ವಿಮೆ ಸೇರಿ 2,300. ಪಿಟಿ 200. ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ 18 ಸಾವಿರದೊಳಗಿನ ಮನೆ ಹುಡುಕ್ತೀನಿ" ಅಂದಳು.

ಸಹಿ ಹಾಕುವ ಮೊದಲು ಕೇಳಬೇಕಾದ ಒಂದು ಪ್ರಶ್ನೆ

ಒಂದೇ ಸಿಟಿಸಿಯ ಎರಡು ಆಫರ್‌ಗಳಲ್ಲಿ ಕೈಗೆ ಬರುವ ಹಣ ಬೇರೆ ಬೇರೆ ಇರಬಹುದು. ಅದಕ್ಕೆ ಮುಖ್ಯ ಕಾರಣ ಪಿಎಫ್ ಲೆಕ್ಕದ ರೀತಿ. ಕಾನೂನು ಕಡ್ಡಾಯ ಮಾಡಿರುವುದು 15,000 ರೂಪಾಯಿ ವೇತನದವರೆಗಿನ 12%, ಅಂದರೆ 1,800 ರೂಪಾಯಿ. ಕೆಲವು ಕಂಪನಿಗಳು ಅಷ್ಟಕ್ಕೇ ನಿಲ್ಲಿಸುತ್ತವೆ. ಕೆಲವು ಪೂರ್ತಿ ಬೇಸಿಕ್ ಮೇಲೆ ಕಟ್ಟುತ್ತವೆ.

ಇದೇ 9 ಲಕ್ಷದಲ್ಲಿ ಪಿಎಫ್ 1,800ಕ್ಕೆ ನಿಂತಿದ್ದರೆ ಕಂಪನಿಯ ಪಾಲಿನಲ್ಲಿ ಉಳಿದ 2,400 ಸ್ಪೆಷಲ್ ಅಲೋಯನ್ಸ್‌ಗೆ ಬರುತ್ತಿತ್ತು. ಗ್ರಾಸ್ 63,400 ಆಗುತ್ತಿತ್ತು. ಅವಳ ಕಡೆಯಿಂದಲೂ 1,800 ಮಾತ್ರ ಹೋಗಿ, ಕೈಗೆ 61,400 ಬರುತ್ತಿತ್ತು. ತಿಂಗಳಿಗೆ 4,800 ವ್ಯತ್ಯಾಸ! ಯಾವುದು ಒಳ್ಳೆಯದು ಎಂದರೆ, ಮನೆಗೆ ಹಣ ಕಳಿಸಬೇಕಾದವರಿಗೆ ಒಂದು, ಉಳಿತಾಯ ಮಾಡಲು ಕೈ ಬಾರದವರಿಗೆ ಇನ್ನೊಂದು. ನಾನು ನನ್ನ ಅಕ್ಕನ ಮಗಳಿಗೆ ಪೂರ್ತಿ ಪಿಎಫ್ ಇರಲಿ ಎಂದೆ. ಆದರೆ ಎಚ್‌ಆರ್‌ಗೆ ಮೇಲ್ ಬರೆದು "ಪಿಎಫ್ ಪೂರ್ತಿ ಬೇಸಿಕ್ ಮೇಲೋ, 15,000ದ ಮಿತಿಗೋ?" ಎಂದು ಕೇಳಿಯೇ ಸಹಿ ಹಾಕಬೇಕು.

ಬೇಸಿಕ್ ತೀರಾ ಕಡಿಮೆ ಇಟ್ಟು ಅಲೋಯನ್ಸ್ ಜಾಸ್ತಿ ತೋರಿಸುವ ಪಟ್ಟಿಗಳೂ ಇದ್ದವು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ಆದ್ದರಿಂದ ಸ್ನೇಹಿತರ ಹಳೆಯ ಪಟ್ಟಿ ನೋಡಿ ನಿಮ್ಮ ಗ್ರಾಚ್ಯುಟಿ, ಪಿಎಫ್ ಅಂದಾಜು ಮಾಡಬೇಡಿ.

ವರ್ಷದ ನಡುವೆ ಕೆಲಸ ಬದಲಿಸಿದವರು ಇನ್ನೊಂದು ಮರೆಯಬಾರದು. ಏಪ್ರಿಲ್‌ನಿಂದ ಹಳೆಯ ಕಂಪನಿ ಕೊಟ್ಟ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಿ. ಕೊಡದಿದ್ದರೆ ಇವರೂ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯುತ್ತಾರೆ, ಇವರೂ ತೆರಿಗೆ ಇಲ್ಲದ 4 ಲಕ್ಷ ಬಿಡುತ್ತಾರೆ. ತಿಂಗಳು ತಿಂಗಳು ಸಂಬಳ ಚೆನ್ನಾಗಿ ಬಂದಂತೆ ಕಾಣುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಬಾಕಿ ತೆರಿಗೆ ಬಡ್ಡಿ ಸಮೇತ ಒಟ್ಟಿಗೆ ಕಟ್ಟಬೇಕಾಗುತ್ತದೆ.

ಮೊದಲ ತಿಂಗಳ ಪೇಸ್ಲಿಪ್

ಅವಳು ಕೆಲಸಕ್ಕೆ ಸೇರಿದ್ದು ಸೆಪ್ಟೆಂಬರ್ 8ಕ್ಕೆ. ಆ ತಿಂಗಳು 30ರಲ್ಲಿ 23 ದಿನದ ಸಂಬಳ. ಗ್ರಾಸ್ 46,767. ಬೇಸಿಕ್ ಕೂಡ ಅದೇ ಪ್ರಮಾಣದಲ್ಲಿ ಇಳಿದು 26,833, ಅದರ 12% ಪಿಎಫ್ 3,220. ಪಿಟಿ ಮಾತ್ರ ಪೂರ್ತಿ 200. ಕೈಗೆ 43,347 ಎಂದು ನಾವು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೆವು. ತಿಂಗಳ ಕೊನೆಗೆ ಬ್ಯಾಂಕಿನ ಮೆಸೇಜ್ ಬಂದಾಗ ಚೀಟಿ ಪಕ್ಕದಲ್ಲಿಟ್ಟು ಫೋಟೊ ತೆಗೆದು ಕಳಿಸಿದಳು. ಒಂದು ರೂಪಾಯಿಯೂ ವ್ಯತ್ಯಾಸ ಇರಲಿಲ್ಲ.

ಅಕ್ಟೋಬರ್ ಸಂಬಳದ ನಂತರ ಮತ್ತೆ ಫೋನು ಮಾಡಿದಳು. ಪಿಎಫ್ ಪಾಸ್‌ಬುಕ್‌ನಲ್ಲಿ ಅವಳ ಪಾಲು 4,200 ಇದೆ, ಕಂಪನಿಯ ಪಾಲು 2,950 ಮಾತ್ರ ಕಾಣುತ್ತಿದೆ ಎಂದು. ಪಕ್ಕದ ಪಿಂಚಣಿ ಕಾಲಂ ನೋಡು ಎಂದೆ. ಉಳಿದ 1,250 ಅಲ್ಲಿತ್ತು.