ಸಬ್ ಮೀಟರ್ ಬಿಲ್ ಜಾಸ್ತಿ ಅನ್ನಿಸುತ್ತಿದೆಯಾ? ಮೊದಲು ಈ ಲೆಕ್ಕ ಹಾಕಿ

ಬಳ್ಳಾರಿಯ ಒಂದು ಕಟ್ಟಡ ಅಂದುಕೊಳ್ಳಿ. ಕೆಳಗೆ ಓನರ್, ಮೇಲೆ ಮೂರು ಬಾಡಿಗೆ ಮನೆ. ಜೆಸ್ಕಾಂ ಮೀಟರ್ ಒಂದೇ, ಸಬ್ ಮೀಟರ್ ಇರುವುದು ಬಾಡಿಗೆ ಮನೆಗಳಿಗೆ ಮಾತ್ರ. ಯುನಿಟ್‌ಗೆ 10 ರೂಪಾಯಿ, ಅದರ ಮೇಲೆ 'ಮೋಟರ್ ಖರ್ಚು' ಬೇರೆ. ಜಗಳ ಹುಟ್ಟುವುದೇ ಇಲ್ಲಿ.

ಜೆಸ್ಕಾಂನವರು ರೀಡಿಂಗ್‌ಗೆ ಬಂದ ದಿನವೇ ಮೇನ್ ಮೀಟರ್, ಸಬ್ ಮೀಟರ್ ಎಲ್ಲದರ ಫೋಟೊ ತೆಗೆಯಿರಿ. ಒಂದು ವಾರ ಹಿಂದೆ ಮುಂದೆ ಆದರೂ ಲೆಕ್ಕ ಕೂಡುವುದಿಲ್ಲ. ಆಮೇಲೆ ಓನರ್ ಹತ್ತಿರ ಅಸಲಿ ಬಿಲ್ ಕೇಳಿ. ಅದರಲ್ಲಿ ಹಳೇ ಬಾಕಿ, ಬಡ್ಡಿ ಇದ್ದರೆ ಕಳೆಯಿರಿ, ತಡವಾಗಿ ಕಟ್ಟಿದ್ದು ನಿಮ್ಮ ತಪ್ಪಲ್ಲ ಅಲ್ವಾ. ಉಳಿದ ಹಣವನ್ನು ಯುನಿಟ್‌ನಿಂದ ಭಾಗಿಸಿ. ನಮ್ಮ ಲೆಕ್ಕದ ಮನೆಯಲ್ಲಿ 420 ಯುನಿಟ್‌ಗೆ 3,360 ರೂಪಾಯಿ, ಅಂದರೆ ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ಯುನಿಟ್‌ಗೆ 8 ರೂಪಾಯಿ.

ಮೂರು ಸಬ್ ಮೀಟರ್ 110, 90, 80 ತೋರಿಸುತ್ತವೆ. ಕೂಡಿದರೆ 280. ಉಳಿದ 140 ಯುನಿಟ್ ಪೂರ್ತಿ ಮೋಟರ್, ಮೆಟ್ಟಿಲು ಲೈಟಿನದು ಅಂತ ಓನರ್ ಮೂವರಿಗೆ ಹಂಚುತ್ತಾರೆ. ಆದರೆ 1 ಎಚ್‌ಪಿ ಮೋಟರ್ ಒಂದು ಗಂಟೆ ಓಡಿದರೆ ಸುಮಾರು 1 ಯುನಿಟ್. ದಿನಕ್ಕೆ ಒಂದು ಗಂಟೆ ಅಂದರೆ ತಿಂಗಳಿಗೆ 30. 9 ವ್ಯಾಟ್‌ನ ಮೂರು ಎಲ್‌ಇಡಿ ರಾತ್ರಿಯಿಡೀ ಉರಿದರೂ ಸುಮಾರು 10. ಒಟ್ಟು 40. ಮಿಕ್ಕ 100 ಯುನಿಟ್ ಓನರ್ ಮನೆಯ ಫ್ರಿಜ್, ಕೂಲರ್, ಟಿವಿಯದು. ಸಬ್ ಮೀಟರ್ ಇಲ್ಲದ ಮನೆ ಸುಮ್ನೆ 'ಕಾಮನ್' ಲೆಕ್ಕದಲ್ಲಿ ಸೇರಿಹೋಗಿದೆ. ಎಷ್ಟೋ ಓನರ್‌ಗಳಿಗೆ ಇದು ಗೊತ್ತೂ ಇರುವುದಿಲ್ಲ.

110 ಯುನಿಟ್‌ನ ಮನೆಯವರು ಈಗ ಕಟ್ಟುತ್ತಿರುವುದು 1,100 ಮತ್ತು 467, ಒಟ್ಟು 1,567 ರೂಪಾಯಿ. ಕಟ್ಟಬೇಕಾದದ್ದು 880, ಜೊತೆಗೆ ಕಾಮನ್ ಖರ್ಚು 320ರಲ್ಲಿ ನಾಲ್ಕನೇ ಒಂದು ಪಾಲು 80. ಒಟ್ಟು 960.

ಸಬ್ ಮೀಟರ್ ಮೇಲೇ ಅನುಮಾನವೇ? ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಹತ್ತು ನಿಮಿಷ ಮೀಟರಿನ ಕೆಂಪು ದೀಪ ನೋಡಿ. ಮೋಟರ್ ಹಾಕಿದಾಗ ಅದು ಮಿಣುಕಿದರೆ ಮೋಟರ್ ಲೈನ್ ನಿಮ್ಮ ಮೀಟರ್‌ಗೇ ಸೇರಿದೆ. ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಲೇಬೇಕು.

ಓನರ್ ಮುಂದೆ ಈ ಲೆಕ್ಕದ ಹಾಳೆ, ಫೋಟೊ ಇಟ್ಟು ಅವರ ಮನೆಗೂ, ಮೋಟರ್‌ಗೂ ಒಂದೊಂದು ಸಬ್ ಮೀಟರ್ ಹಾಕಿಸಲು ಕೇಳಿ. ಒಪ್ಪಿದರೆ ಬಾಡಿಗೆ ಕರಾರಿನಲ್ಲಿ 'ಆ ತಿಂಗಳ ಬಿಲ್ ÷ ಯುನಿಟ್' ಅಂತಲೇ ಬರೆಸಿ, ಅಂಕಿ ಬರೆಸಬೇಡಿ, ದರ ಬದಲಾಗುತ್ತಿರುತ್ತದೆ.

ಸಾಧ್ಯವಾದರೆ ಪ್ರತಿ ಮನೆಗೂ ಬೇರೆ ಆರ್‌ಆರ್ ನಂಬರ್ ಮಾಡಿಸುವುದೇ ಒಳ್ಳೆಯದು. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆದರೆ ಅದು ನೋಡುವುದು ಆರ್‌ಆರ್ ನಂಬರನ್ನು. ನಾಲ್ಕು ಮನೆ ಸೇರಿ 200 ಯುನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಬರುತ್ತದೆ, ಓನರ್ ಮನೆಗೂ ಅಷ್ಟೇ.